ಉಯಿಲು ಯಾರ ಆಜ್ಞೆ? ಆಸ್ಟಿನ್‌ನ ಸಿದ್ಧಾಂತ ಮತ್ತು ಅದರ ವಿಮರ್ಶೆ

ಕಾನೂನು ಎಂದರೆ ಸಾರ್ವಭೌಮನ ಆಜ್ಞೆ ಎಂಬ ಸಿದ್ಧಾಂತವನ್ನು ಜಾನ್ ಆಸ್ಟಿನ್ 1832ರಲ್ಲಿ ‘ದಿ ಪ್ರಾವಿನ್ಸ್ ಆಫ್ ಜೂರಿಸ್‌ಪ್ರುಡೆನ್ಸ್ ಡಿಟರ್ಮಿನ್ಡ್’ ಎಂಬ ಗ್ರಂಥದಲ್ಲಿ ವ್ಯವಸ್ಥಿತವಾಗಿ ಮಂಡಿಸಿದನು. ಸಾರ್ವಭೌಮನು ವ್ಯಕ್ತಿಯಾಗಿರಬಹುದು, ಸಮೂಹವೂ ಆಗಿರಬಹುದು. ಜನರಲ್ಲಿ ಬಹುಪಾಲು ಅವನಿಗೆ ರೂಢಿಯಿಂದ ವಿಧೇಯರಾಗಿರುತ್ತಾರೆ. ಅವನು ಮಾತ್ರ ಅಂತಹ ಯಾರಿಗೂ ವಿಧೇಯನಲ್ಲ. ಅವನ ಇಚ್ಛೆಯನ್ನು ಮೀರಿದವರಿಗೆ ಕೇಡು ಒದಗುವ ಸಂಭವವಿದ್ದಾಗ ಆ ಇಚ್ಛೆ ಆಜ್ಞೆಯಾಗುತ್ತದೆ. ಕಾನೂನು ಇದೆಯೇ ಎಂಬ ಪ್ರಶ್ನೆಯನ್ನು ಅದು ಒಳ್ಳೆಯದೇ ಎಂಬ ಪ್ರಶ್ನೆಯಿಂದ ಬೇರ್ಪಡಿಸಿದ್ದು ಈ ವಿವರಣೆಯ ಬಲ. ಪಾಸಿಟಿವಿಸಂ ಪಂಥ ಆ ಬೇರ್ಪಡಿಕೆಯನ್ನು ಉಳಿಸಿಕೊಂಡಿತು. ‘ಆಜ್ಞೆ’ಯನ್ನು ಮಾತ್ರ ಕೈಬಿಟ್ಟಿತು. ಏಕೆ ಎಂಬುದನ್ನು ಉಯಿಲಿನ ಉದಾಹರಣೆಯೊಂದರಿಂದಲೇ ತಿಳಿಯಬಹುದು.

ಇಂಗ್ಲೆಂಡಿನ 1837ರ ಉಯಿಲು ಕಾಯಿದೆಯ ಪ್ರಕಾರ, ಉಯಿಲು ಬರೆದವನು ಇಬ್ಬರು ಸಾಕ್ಷಿಗಳು ಒಟ್ಟಿಗೆ ಹಾಜರಿರುವಾಗ ಸಹಿ ಮಾಡಬೇಕು, ಇಲ್ಲವೇ ಮೊದಲೇ ಮಾಡಿದ ಸಹಿ ತನ್ನದೆಂದು ಅವರೆದುರು ಒಪ್ಪಿಕೊಳ್ಳಬೇಕು. ಒಬ್ಬನು ಬೆಳಿಗ್ಗೆ ಒಬ್ಬ ಸಾಕ್ಷಿಯ ಎದುರು ಸಹಿ ಮಾಡಿ, ಸಂಜೆ ಇನ್ನೊಬ್ಬನ ಎದುರು ಆ ಸಹಿಯನ್ನು ಒಪ್ಪಿಕೊಂಡನೆಂದು ಇಟ್ಟುಕೊಳ್ಳೋಣ. ಇಬ್ಬರೂ ಆಯಾ ಹೊತ್ತಿನಲ್ಲಿ ಅವನೆದುರೇ ರುಜು ಹಾಕಿದರು. ಈ ಉಯಿಲು ಇಂಗ್ಲೆಂಡಿನಲ್ಲಿ ಅಸಿಂಧು. ಭಾರತದ 1925ರ ಉತ್ತರಾಧಿಕಾರ ಕಾಯಿದೆಯ 63ನೆಯ ಕಲಮು ಸಾಕ್ಷಿಗಳು ಏಕಕಾಲದಲ್ಲಿ ಹಾಜರಿರಬೇಕೆಂದು ಕೇಳುವುದಿಲ್ಲವಾದ್ದರಿಂದ ಇಲ್ಲಿ ಅದೇ ಪತ್ರ ಸಿಂಧುವಾದೀತು. ಆದರೆ ಇಂಗ್ಲೆಂಡಿನಲ್ಲಿ ಆ ವ್ಯಕ್ತಿ ಯಾವ ಆಜ್ಞೆಯನ್ನು ಮುರಿದಂತಾಯಿತು? ಉಯಿಲು ಬರೆಯಲೇಬೇಕೆಂದು ಯಾರೂ ಅವನಿಗೆ ವಿಧಿಸಿರಲಿಲ್ಲ. ಅವನು ತಪ್ಪಿತಸ್ಥನಲ್ಲ, ಕಾನೂನು ಒದಗಿಸಿದ್ದ ಸಾಧನವೊಂದನ್ನು ಬಳಸಹೋಗಿ ವಿಫಲನಾದವನು.

ಆಜ್ಞಾವಾದದ ಪರವಾಗಿ ಒಂದು ಸಮಾಧಾನವುಂಟು: ಉಯಿಲು ಅಸಿಂಧುವಾಗುವುದೇ ಶಿಕ್ಷೆ. ಎಚ್.ಎಲ್.ಎ. ಹಾರ್ಟ್ 1961ರ ‘ದಿ ಕಾನ್ಸೆಪ್ಟ್ ಆಫ್ ಲಾ’ ಕೃತಿಯಲ್ಲಿ ಇದಕ್ಕೆ ಕೊಟ್ಟ ಉತ್ತರ ನಿರ್ಣಾಯಕವಾದುದು. ಕೊಲೆಗೆ ವಿಧಿಸಿದ ದಂಡನೆಯನ್ನು ತೆಗೆದುಹಾಕಿದರೂ ‘ಕೊಲ್ಲಬಾರದು’ ಎಂಬ ನಿಯಮ ಅರ್ಥವತ್ತಾಗಿ ಉಳಿಯುತ್ತದೆ. ಸಾಕ್ಷಿಗಳಿಲ್ಲದ ಉಯಿಲೂ ಸಿಂಧು ಎಂದುಬಿಟ್ಟರೆ ಸಾಕ್ಷಿಗಳ ನಿಯಮದಲ್ಲಿ ಉಳಿಯುವುದೇನೂ ಇಲ್ಲ. ಶಿಕ್ಷೆ ನಿಯಮಕ್ಕೆ ಹೊರಗಿನಿಂದ ಸೇರುವ ಸಂಗತಿ. ಅಸಿಂಧುತ್ವ ನಿಯಮದ ಒಡಲಿನದೇ ಭಾಗ. ಆದ್ದರಿಂದ ಕರ್ತವ್ಯವನ್ನು ಹೊರಿಸುವ ನಿಯಮಗಳ ಜೊತೆಗೆ ಅಧಿಕಾರವನ್ನು ಕೊಡುವ ನಿಯಮಗಳೂ ಇವೆಯೆಂದು ಒಪ್ಪಬೇಕಾಗುತ್ತದೆ. ವಿವಾಹ, ಕರಾರು ಮಾತ್ರವಲ್ಲ, ಶಾಸಕಾಂಗದ ಶಾಸನಾಧಿಕಾರವೂ ಈ ಎರಡನೆಯ ಬಗೆಗೆ ಸೇರಿದುದು.

ಎರಡನೆಯ ತೊಡಕು ಕಾಲದ್ದು. 1837ರ ಕಾಯಿದೆಯನ್ನು ಮಾಡಿದ ಪಾರ್ಲಿಮೆಂಟಿನ ಸದಸ್ಯರಲ್ಲಿ ಯಾರೂ ಇಂದಿಲ್ಲ. ಇಂದಿನ ಪ್ರಜೆಗಳಿಗೆ ಅವರಲ್ಲಿ ವಿಧೇಯತೆಯ ರೂಢಿ ಇರಲು ಸಾಧ್ಯವೂ ಇಲ್ಲ. ಆದರೂ ಕಾಯಿದೆ ಜಾರಿಯಲ್ಲಿದೆ. ಈಗಿನ ಸಾರ್ವಭೌಮನು ಸುಮ್ಮನಿದ್ದು ಸಮ್ಮತಿಸಿದ್ದಾನೆ ಎಂದರೆ, ನ್ಯಾಯಾಲಯ ಅನ್ವಯಿಸುವ ಮುನ್ನ ಅದು ಕಾನೂನೇ ಆಗಿರಲಿಲ್ಲವೆಂದಂತಾಗುತ್ತದೆ. ಹಾರ್ಟ್ ರೂಢಿಯ ಸ್ಥಾನದಲ್ಲಿ ನಿಯಮವನ್ನು ಇಟ್ಟನು. ಪಾರ್ಲಿಮೆಂಟು ವಿಧಿವತ್ತಾಗಿ ಮಾಡಿದ್ದೇ ಕಾನೂನು ಎಂಬುದನ್ನು ಅಧಿಕಾರಿಗಳು, ನ್ಯಾಯಾಧೀಶರು ಸಮಾನ ಮಾನದಂಡವಾಗಿ ಸ್ವೀಕರಿಸಿರುತ್ತಾರೆ. ಅದನ್ನು ಮೀರಿದವರನ್ನು ಆಕ್ಷೇಪಿಸುತ್ತಾರೆ. ಇದೇ ಮಾನ್ಯತಾ ನಿಯಮ. ಶಾಸಕರು ಅಳಿದರೂ ಅವರ ಸ್ಥಾನವನ್ನು ಗುರುತಿಸುವ ನಿಯಮ ಅಳಿಯುವುದಿಲ್ಲ.

ಹಾರ್ಟ್‌ನ ಉತ್ತರಕ್ಕೂ ಸವಾಲಾಗಿ ಬಂದದ್ದು ಉಯಿಲಿನ ಪ್ರಕರಣವೇ. ನ್ಯೂಯಾರ್ಕಿನ ಎಲ್ಮರ್ ಪಾಮರ್, ತನ್ನ ಹೆಸರಿಗೆ ಬಹುಪಾಲು ಆಸ್ತಿಯನ್ನು ಬರೆದಿಟ್ಟಿದ್ದ ತಾತನಿಗೆ 1882ರಲ್ಲಿ ವಿಷವಿಕ್ಕಿ ಕೊಂದನು. ಉಯಿಲು ಎಲ್ಲ ರೀತಿಯಿಂದಲೂ ಕ್ರಮಬದ್ಧವಾಗಿತ್ತು. ಕೊಲೆಗಾರನಿಗೆ ಆಸ್ತಿ ಸಲ್ಲದೆಂದು ಶಾಸನದಲ್ಲಿ ಎಲ್ಲಿಯೂ ಇರಲಿಲ್ಲ. ಆದರೂ 1889ರಲ್ಲಿ ‘ರಿಗ್ಸ್ ವಿರುದ್ಧ ಪಾಮರ್’ ಮೊಕದ್ದಮೆಯಲ್ಲಿ ನ್ಯಾಯಾಲಯದ ಬಹುಮತ, ತನ್ನ ಅಕೃತ್ಯದಿಂದ ಯಾರೂ ಲಾಭ ಪಡೆಯಬಾರದೆಂಬ ತತ್ತ್ವವನ್ನು ಆಧರಿಸಿ ಅವನಿಗೆ ಆಸ್ತಿಯನ್ನು ನಿರಾಕರಿಸಿತು. ಈ ತತ್ತ್ವ ನ್ಯಾಯಾಲಯವನ್ನು ಕಟ್ಟಿಹಾಕಿದ್ದು ತನ್ನ ಮೂಲದಿಂದಲ್ಲ, ತನ್ನ ನೈತಿಕ ತೂಕದಿಂದ. ಮಾನ್ಯತಾ ನಿಯಮ ಅದನ್ನು ಹಿಡಿಯಲಾರದು ಎಂದು ರೊನಾಲ್ಡ್ ಡ್ವರ್ಕಿನ್ 1967ರಲ್ಲಿ ವಾದಿಸಿದನು.

ಇಲ್ಲಿಂದ ಪಾಸಿಟಿವಿಸಂ ಎರಡಾಗಿ ಕವಲೊಡೆಯಿತು. ಒಂದು ಸಮಾಜ ತನ್ನ ಮಾನ್ಯತಾ ನಿಯಮದೊಳಗೇ ನೈತಿಕ ಮಾನದಂಡವನ್ನು ಸೇರಿಸಿಕೊಳ್ಳಬಹುದು ಎಂಬುದು ಒಂದು ಪಕ್ಷ. ಹಾರ್ಟ್‌ನ ಮರಣಾನಂತರ 1994ರಲ್ಲಿ ಪ್ರಕಟವಾದ ಅವನ ಅನುಬಂಧ ಇದನ್ನೇ ಒಪ್ಪುತ್ತದೆ. ಜೋಸೆಫ್ ರಾಜ್ ಇದನ್ನು ಒಪ್ಪಲಿಲ್ಲ. ಜನರು ತಾವೇ ನೀತಿಯನ್ನು ತೂಗಿ ನೋಡುವ ಬದಲು ಕಾನೂನಿನ ನಿರ್ಣಯವನ್ನು ಅನುಸರಿಸಬೇಕೆಂಬುದು ಕಾನೂನಿನ ಅಧಿಕಾರವಾಣಿಯ ಅರ್ಥ; ಆ ನಿರ್ಣಯ ಯಾವುದೆಂದು ತಿಳಿಯಲು ಮತ್ತೆ ನೀತಿಯನ್ನೇ ತೂಗಬೇಕಾದರೆ ಅಧಿಕಾರವಾಣಿ ವ್ಯರ್ಥ. ಆದ್ದರಿಂದ ಕಾನೂನನ್ನು ಸಾಮಾಜಿಕ ಮೂಲಗಳಿಂದಷ್ಟೇ ಗುರುತಿಸಬೇಕು ಎಂಬುದು ಅವನ ನಿಲುವು. ಹೀಗೆ ನೋಡಿದಾಗ, ಮೂಲಗಳು ಮುಗಿದಲ್ಲಿ ನ್ಯಾಯಾಧೀಶರು ನೈತಿಕ ತರ್ಕವನ್ನು ಬಳಸಬಹುದು. ಆದರೆ ಆಗ ಅವರು ಇದ್ದ ಕಾನೂನನ್ನು ಕಂಡುಕೊಳ್ಳುವುದಿಲ್ಲ, ತಮಗಿರುವ ಅಧಿಕಾರದಿಂದ ಅದನ್ನು ಬೆಳೆಸುತ್ತಾರೆ. ಎರಡು ಪಕ್ಷಗಳೂ ಆಸ್ಟಿನ್‌ನ ಸಾರ್ವಭೌಮನನ್ನು ಬಿಟ್ಟಿವೆ. ಕಾನೂನಿನ ಅಸ್ತಿತ್ವಕ್ಕೆ ಸಾಮಾಜಿಕ ಸಂಗತಿಯೊಂದು ತಳಹದಿಯಾಗಿರಲೇಬೇಕೆಂಬ ಅವನ ಆಗ್ರಹವನ್ನು ಯಾವುದೂ ಬಿಟ್ಟಿಲ್ಲ.