ಐದರ ತಮ್ಮ, ಹನ್ನೆರಡರ ಅಕ್ಕ, ನಡುವೆ ಚೌಕಾಬಾರ

ಒಡಹುಟ್ಟಿದವರ ನಡುವೆ ಆರೇಳು ವರ್ಷಗಳ ಅಂತರವಿದ್ದರೆ ಜಗಳಕ್ಕಿಂತ ಬೇಸರವೇ ಹೆಚ್ಚು ತೊಂದರೆ ಕೊಡುತ್ತದೆ. ಹನ್ನೆರಡು ವರ್ಷದ ಅಕ್ಕನಿಗೆ ಐದು ವರ್ಷದ ತಮ್ಮನ ಆಟ ಸಪ್ಪೆ. ತಮ್ಮನಿಗೆ ಅಕ್ಕನ ಆಟ ಅರ್ಥವಾಗದು. ಇಬ್ಬರನ್ನೂ ಕೂಡಿಸಿ ಆಡಿಸಲು ಹೊರಟ ದೊಡ್ಡವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ‘ನೀನು ದೊಡ್ಡವಳಲ್ವಾ, ಅವನಿಗೆ ಸೋತುಬಿಡು.’ ಈ ಉಪಾಯ ಹೆಚ್ಚು ದಿನ ನಡೆಯುವುದಿಲ್ಲ. ಬೇಕೆಂದೇ ಸೋಲುವವಳಿಗೆ ಅದು ಆಟವಲ್ಲ, ಮನೆಗೆಲಸ. ಗೆಲ್ಲುವವನಿಗೂ ಒಂದಲ್ಲ ಒಂದು ದಿನ ಗುಟ್ಟು ತಿಳಿಯುತ್ತದೆ, ಆಮೇಲೆ ನಿಜವಾದ ಗೆಲುವನ್ನೂ ಅವನು ನಂಬುವುದಿಲ್ಲ. ಇಬ್ಬರಿಗೂ ಅವರವರ ಅಳತೆಯ ಕಷ್ಟ ಒಂದೇ ಆಟದಲ್ಲಿ ಸಿಗುವಂತೆ ನಿಯಮಗಳನ್ನು ಹೊಂದಿಸಿಕೊಳ್ಳುವುದೇ ಸರಿಯಾದ ದಾರಿ.

ಮೊದಲು ತಿಳಿಯಬೇಕಾದದ್ದು, ಐದು ವರ್ಷದ ಮಗುವಿಗೆ ನಿಯಮ ಎಂದರೆ ಏನು ಎಂಬುದು. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳು ಗೋಲಿ ಆಡುವುದನ್ನು ಹತ್ತಿರದಿಂದ ಗಮನಿಸಿ, ಅವರನ್ನು ಪ್ರಶ್ನಿಸಿ, 1932ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಚಿಕ್ಕ ಮಕ್ಕಳು ದೊಡ್ಡವರನ್ನು ನೋಡಿ ಆಟದ ಚಲನೆಗಳನ್ನು ಅನುಕರಿಸುತ್ತಾರೆ, ಆದರೆ ಒಟ್ಟಿಗೆ ಕುಳಿತೂ ತಮ್ಮ ಪಾಡಿಗೆ ತಾವು ಆಡುತ್ತಾರೆ. ಇಬ್ಬರೂ ಒಟ್ಟಿಗೇ ಗೆಲ್ಲಬಹುದು ಎಂದೇ ಅವರ ಭಾವನೆ. ಏಳೆಂಟು ವರ್ಷದ ಹೊತ್ತಿಗೆ ಎದುರಾಳಿಯನ್ನು ಗೆಲ್ಲಬೇಕು, ಅದಕ್ಕೆ ಇಬ್ಬರಿಗೂ ಒಂದೇ ನಿಯಮವಿರಬೇಕು ಎಂಬುದು ಹೊಳೆಯುತ್ತದೆ. ಹನ್ನೊಂದು ಹನ್ನೆರಡರ ಹೊತ್ತಿಗೆ ನಿಯಮದ ಒಂದೊಂದು ಎಳೆಯ ಬಗ್ಗೆಯೂ ವಾದ ಮಾಡುವಷ್ಟು ಆಸಕ್ತಿ ಹುಟ್ಟುತ್ತದೆ. ಅಂದರೆ ಹನ್ನೆರಡರ ಅಕ್ಕ ನಿಯಮದ ಮೇಲೆ ಅತಿ ಹೆಚ್ಚು ಮೋಹವಿರುವ ವಯಸ್ಸಿನಲ್ಲಿದ್ದರೆ, ಐದರ ತಮ್ಮ ನಿಯಮ ಇನ್ನೂ ಮನಸ್ಸಿಗೆ ಹತ್ತದ ವಯಸ್ಸಿನಲ್ಲಿದ್ದಾನೆ. ತಮ್ಮ ಎರಡನೇ ಸಲ ಕವಡೆ ಹಾಕಿದಾಗ ಅಕ್ಕ ‘ಮೋಸ’ ಎಂದು ಕೂಗುವುದು ಇದರಿಂದಲೇ. ಅವನಿಗೆ ಅದು ಮೋಸವಲ್ಲ, ಕವಡೆ ಹಾಕುವ ಖುಷಿ. ಇದನ್ನು ಅಕ್ಕನಿಗೆ ಬಿಡಿಸಿ ಹೇಳಿದರೆ ಅರ್ಧ ಸಿಟ್ಟು ಇಳಿಯುತ್ತದೆ. ಆ ವಯಸ್ಸಿಗೆ ಅದು ಅರ್ಥವಾಗುವ ಮಾತೇ.

ಎರಡನೆಯದು ಆಟದ ಆಯ್ಕೆ. ಚದುರಂಗ, ಕೇರಂಗಳಲ್ಲಿ ನೈಪುಣ್ಯವೇ ಎಲ್ಲ. ಚಿಕ್ಕವನು ಪ್ರತಿ ಸಲ ಸೋಲುತ್ತಾನೆ. ಹಾವು ಏಣಿಯಲ್ಲಿ ಅದೃಷ್ಟವೇ ಎಲ್ಲ. ಇಬ್ಬರಿಗೂ ಗೆಲುವಿನ ಅವಕಾಶ ಸಮ, ಆದರೆ ಯೋಚಿಸಿ ನಿರ್ಧರಿಸುವುದು ಏನೂ ಇಲ್ಲವಾದ್ದರಿಂದ ದೊಡ್ಡವಳಿಗೆ ಬೇಗ ಸಾಕಾಗುತ್ತದೆ. ಅದೃಷ್ಟ ಮತ್ತು ಜಾಣತನ ಎರಡೂ ಬೆರೆತ ಆಟ ಇಂಥ ಜೋಡಿಗೆ ಒಗ್ಗುತ್ತದೆ. ಕನ್ನಡ ನಾಡಿನ ಮನೆಗಳಿಗೆ ಹಳೆಯ ಪರಿಚಯವಿರುವ ಚೌಕಾಬಾರ ಅಂಥದ್ದು.

ಐದಕ್ಕೆ ಐದರಂತೆ ಇಪ್ಪತ್ತೈದು ಮನೆಗಳ ಚೌಕ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕವಡೆ ಇಲ್ಲದಿದ್ದರೆ ಒಂದು ಬದಿ ಬೆಳ್ಳಗಾಗುವಂತೆ ತೇಯ್ದ ಹುಣಸೆ ಬೀಜ ಸಾಕು. ಮೇಲ್ಮುಖವಾಗಿ ಬಿದ್ದ ಕವಡೆಗಳಷ್ಟು ಮನೆ ನಡೆಸಬೇಕು. ನಾಲ್ಕೂ ಮೇಲ್ಮುಖವಾದರೆ ಚೌಕ, ಅಂದರೆ 4. ನಾಲ್ಕೂ ಮಗುಚಿದರೆ ಬಾರ, ಅಂದರೆ 8. ಈ ಎರಡಕ್ಕೂ ಮತ್ತೊಂದು ಸಲ ಹಾಕುವ ಅವಕಾಶ. ಕಾಯಿ ಹೊರಸುತ್ತು ಮುಗಿಸಿ, ಒಳಸುತ್ತು ಹೊಕ್ಕು, ನಡುಮನೆ ಸೇರಿದರೆ ಹಣ್ಣು. ಅಡ್ಡಗೆರೆ ಎಳೆದ ಕಟ್ಟೆಮನೆಯಲ್ಲಿ ಕುಳಿತ ಕಾಯಿಯನ್ನು ಕಡಿಯುವಂತಿಲ್ಲ. ಉಳಿದ ಕಡೆ ಕಡಿದರೆ ಅದು ಮರಳಿ ಮೊದಲ ಮನೆಗೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬುದು ಹಲವು ಕಡೆ ಇರುವ ನಿಯಮ. ಊರಿಂದೂರಿಗೆ ಇವು ಸ್ವಲ್ಪ ಬದಲಾಗುತ್ತವೆ, ಆದ್ದರಿಂದಲೇ ಇಲ್ಲಿ ಬೇಕಾದಂತೆ ತಿದ್ದಿಕೊಳ್ಳಲು ಯಾರ ಮುಲಾಜೂ ಬೇಕಿಲ್ಲ.

ಐದು ವರ್ಷದವನಿಗೆ ಮೊದಲ ಅಡ್ಡಿ ಆಟದ ಉದ್ದ. ಒಂದು ಕಾಯಿ ಹಣ್ಣಾಗಲು 24 ಹೆಜ್ಜೆ ನಡೆಯಬೇಕು, ನಾಲ್ಕಕ್ಕೆ 96. ಒಂದು ಸರದಿಗೆ ಸರಾಸರಿ ಮೂರು ಮನೆ ಸಿಕ್ಕರೂ ಒಬ್ಬೊಬ್ಬರಿಗೆ ಮೂವತ್ತಕ್ಕೂ ಹೆಚ್ಚು ಸರದಿ ಬೇಕು, ಕಡಿತ ಬಿದ್ದರೆ ಇನ್ನೂ ಹೆಚ್ಚು. ಅಷ್ಟು ಹೊತ್ತು ಚಿಕ್ಕವನು ಕೂರಲಾರ. ಅವನಿಗೆ ಎರಡೇ ಕಾಯಿ ಕೊಟ್ಟರೆ 48 ಹೆಜ್ಜೆ, ಸುಮಾರು ಹದಿನಾರು ಹದಿನೇಳು ಸರದಿಯಲ್ಲಿ ಮುಗಿಯಬಹುದಾದ ಆಟ. ಅಕ್ಕನಿಗೆ ಮೂರು ಕಾಯಿ, ಅಂದರೆ 72 ಹೆಜ್ಜೆ. ಈ 24 ಹೆಜ್ಜೆಗಳ ಅಂತರ ಅವಳ ಪಾಲಿನ ಸವಾಲು. ಯಾವ ಕಾಯಿ ಮುಂದಿಡಬೇಕು, ಯಾವುದನ್ನು ಕಟ್ಟೆಯಲ್ಲಿ ಕಾಯಿಸಬೇಕು, ತಮ್ಮನ ಕಾಯಿಗಿಂತ ಎರಡೋ ಮೂರೋ ಮನೆ ಹಿಂದೆ ಹೊಂಚು ಹಾಕಿ ಹೇಗೆ ಕಡಿಯಬೇಕು ಎಂದೆಲ್ಲ ಅವಳು ನಿಜವಾಗಿ ತಲೆ ಓಡಿಸಬೇಕು. ಒಳಸುತ್ತು ಹೊಗಲು ಕಡಿಯಲೇಬೇಕೆಂಬ ನಿಯಮವನ್ನು ಅವಳಿಗೆ ಮಾತ್ರ ಇಟ್ಟು ತಮ್ಮನಿಗೆ ಬಿಟ್ಟುಕೊಡುವುದು ಇನ್ನೊಂದು ರಿಯಾಯಿತಿ. ಒಳಸುತ್ತಿನ ಒಂದು ಮೂಲೆಯನ್ನು ಅವನೊಬ್ಬನ ಕಟ್ಟೆಯೆಂದು ಗುರುತು ಹಾಕುವುದು ಮೂರನೆಯದು.

ರಿಯಾಯಿತಿಗಳನ್ನು ಆಟ ಶುರುವಾಗುವ ಮೊದಲೇ ಇಬ್ಬರೆದುರು ಹೇಳಬೇಕು. ನಡುವೆ ಕೊಟ್ಟದ್ದು ದಯೆಯಂತೆಯೋ ಪಕ್ಷಪಾತದಂತೆಯೋ ಕಾಣುತ್ತದೆ. ತಮ್ಮ ಸತತ ಎರಡು ಆಟ ಗೆದ್ದರೆ ಒಂದು ರಿಯಾಯಿತಿ ಹಿಂದಕ್ಕೆ. ಸತತ ಎರಡು ಸೋತರೆ ಒಂದು ಹೆಚ್ಚು. ಹೀಗೆ ಗೊತ್ತುಮಾಡಿಕೊಂಡರೆ ಎಷ್ಟು ಬಿಟ್ಟುಕೊಡಬೇಕೆಂದು ತಾಯಿತಂದೆ ತೀರ್ಮಾನಿಸುತ್ತ ಕೂರಬೇಕಿಲ್ಲ, ಆಟವೇ ತೂಕ ಸರಿಪಡಿಸಿಕೊಳ್ಳುತ್ತದೆ. ತಮ್ಮನಿಗೂ ರಿಯಾಯಿತಿ ಕಳೆದುಕೊಳ್ಳುವುದು ಬೆಳೆದುದರ ಗುರುತಾಗಿ ಕಾಣಲು ಶುರುವಾಗುತ್ತದೆ.

ತೂಕ ತಪ್ಪಿದರೆ ತಿಳಿಯುವ ಲಕ್ಷಣಗಳಿವೆ. ಅಕ್ಕ ತನ್ನ ಸರದಿಯಲ್ಲಿ ಯೋಚಿಸದೆ ಕೈಗೆ ಸಿಕ್ಕ ಕಾಯಿ ತಳ್ಳುತ್ತಿದ್ದರೆ ಅವಳಿಗೆ ಆಟ ಸುಲಭವಾಗಿದೆ, ಅಥವಾ ಅವಳು ಸೋಲಲು ನಿರ್ಧರಿಸಿದ್ದಾಳೆ. ತಮ್ಮ ಕವಡೆಗಳನ್ನು ದೂರ ಎಸೆಯಲು, ಕಾಯಿಗಳನ್ನು ಕಲಸಲು ತೊಡಗಿದರೆ ಅದು ತುಂಟತನವಲ್ಲ. ಒಂದರ ಹಿಂದೊಂದು ಕಡಿತವೋ, ಉದ್ದವಾದ ಕಾಯುವಿಕೆಯೋ ಅವನಿಗೆ ಮೀರಿದೆ. ಆಗ ಬೈಯುವ ಬದಲು ಆ ದಿನದ ಮಟ್ಟಿಗೆ ಒಂದೇ ಕಾಯಿಯ ಆಟಕ್ಕೆ ಇಳಿಯುವುದು ಒಳ್ಳೆಯದು. ಸೋಲು ತೀರ ಸಹಿಸದ ಮಗುವಿಗೆ ಅಕ್ಕತಮ್ಮ ಒಂದು ಪಕ್ಷ, ಅಪ್ಪ ಅಥವಾ ಅಜ್ಜಿ ಇನ್ನೊಂದು ಪಕ್ಷವಾಗಿ ಆಡುವ ದಾರಿಯಿದೆ. ಕವಡೆ ಹಾಕುವುದು, ಮನೆ ಎಣಿಸಿ ಕಾಯಿ ನಡೆಸುವುದು ತಮ್ಮನ ಪಾಲು. ಯಾವ ಕಾಯಿ ಎಂದು ಆರಿಸುವುದು ಅಕ್ಕನ ಪಾಲು. ಸೋತರೂ ಇಬ್ಬರೂ ಸೋಲುತ್ತಾರೆ.

ಬೀದಿಯ ಆಟಗಳಲ್ಲಿ ಹಿಂದಿನಿಂದ ಬಂದ ಉಪಾಯ ಬೇರೆ. ಲಗೋರಿಯಲ್ಲಾಗಲಿ ಕಣ್ಣಾಮುಚ್ಚಾಲೆಯಲ್ಲಾಗಲಿ ಚಿಕ್ಕದೊಂದನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಾರೆ: ಅದು ಎಲ್ಲರೊಂದಿಗೆ ಓಡುತ್ತದೆ, ಆದರೆ ಔಟಾಗುವುದಿಲ್ಲ. ಮೂರು ವರ್ಷದ ಮಗುವಿಗೆ ಇದು ತುಂಬ ಒಳ್ಳೆಯ ಏರ್ಪಾಡು. ಐದರ ಹೊತ್ತಿಗೆ ತಾನು ಲೆಕ್ಕಕ್ಕಿಲ್ಲ ಎಂಬುದು ಅದಕ್ಕೆ ಗೊತ್ತಾಗಿ ನೋಯುತ್ತದೆ. ಆಗ ಲೆಕ್ಕಕ್ಕೆ ಸಿಗುವ ಒಂದು ಸಣ್ಣ ಜವಾಬ್ದಾರಿ ಕೊಡಬೇಕು. ಲಗೋರಿಯ ಏಳು ಕಲ್ಲುಗಳಲ್ಲಿ ಕೊನೆಯ ಕಲ್ಲನ್ನು ಅವನೇ ಇಡಬೇಕು, ಅವನು ಇಟ್ಟರೆ ಮಾತ್ರ ಲಗೋರಿ ಎಂದರೆ, ಅವನನ್ನು ಜೋಪಾನವಾಗಿ ಕಲ್ಲಿನವರೆಗೆ ತಲುಪಿಸುವ ಕೆಲಸವೂ ದೊಡ್ಡವರಿಗೆ ಬೀಳುತ್ತದೆ.

ಆಟದಾಚೆಗಿನ ಕೆಲಸಗಳಲ್ಲೂ ಇದೇ ವಿಚಾರ. ‘ಇದನ್ನು ಹಿಡಿದುಕೋ, ಅದನ್ನು ತಂದುಕೊಡು’ ಎಂಬ ಕೆಲಸದಲ್ಲಿ ಚಿಕ್ಕವನು ಆಳಾಗುತ್ತಾನೆ, ದೊಡ್ಡವಳು ಮೇಸ್ತ್ರಿಯಾಗುತ್ತಾಳೆ. ಸ್ವಲ್ಪ ಹೊತ್ತಿಗೆ ಜಗಳ ಖಚಿತ. ಪ್ರತಿಯೊಬ್ಬರಿಗೂ ಮೊದಲಿಂದ ಕೊನೆಯವರೆಗೆ ತನ್ನದೇ ಆದ ಒಂದು ಭಾಗ ಬೇಕು. ಹಳೆ ಮೈಸೂರಿನ ಮನೆಗಳ ದಸರಾ ಗೊಂಬೆ ಹಬ್ಬ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮೂರು, ಐದು, ಏಳು ಎಂದು ಬೆಸ ಸಂಖ್ಯೆಯ ಮೆಟ್ಟಿಲು ಕಟ್ಟುವುದು, ಬಟ್ಟೆ ಹಾಸುವುದು, ಪಟ್ಟದ ಗೊಂಬೆಗಳನ್ನೂ ಒಡೆಯುವ ಮಣ್ಣಿನ ಗೊಂಬೆಗಳನ್ನೂ ಮೇಲೆ ಜೋಡಿಸುವುದು, ಒಂದು ಕಥೆಯ ಸನ್ನಿವೇಶ ಯೋಜಿಸುವುದು ಅಕ್ಕನದು. ಕೆಳಗಿನ ಮೆಟ್ಟಿಲೂ ಅದರ ಮುಂದಿನ ಪಾರ್ಕೂ ಪೂರ್ತಿ ತಮ್ಮನವು: ಮರದ ಪ್ರಾಣಿಗಳು, ಆಟದ ಕಾರು, ಬಸ್ಸು, ಏನಿಟ್ಟರೂ ಸರಿ. ಹುಲಿ ಬಸ್ಸಿನ ಪಕ್ಕ ನಿಂತಿದೆ ಎಂದು ಅಕ್ಕ ತಿದ್ದುವಂತಿಲ್ಲ. ಪಾರ್ಕಿನ ಹಸಿರಿಗಾಗಿ ಹಬ್ಬಕ್ಕೆ ಒಂದು ವಾರ ಮುಂಚೆ ತಟ್ಟೆಯ ಮಣ್ಣಿನಲ್ಲಿ ರಾಗಿ ಬಿತ್ತುವ ಪದ್ಧತಿಯಿದೆ. ಮೂರು ನಾಲ್ಕು ದಿನಕ್ಕೆ ಮೊಳಕೆ ಏಳುತ್ತದೆ. ದಿನವೂ ನೀರು ಚಿಮುಕಿಸುವುದು ಅವನ ಹೊಣೆ. ಮರೆತರೆ ಪೈರು ಬಾಡುತ್ತದೆ, ಪಾರ್ಕು ಹಸಿರಾಗುವುದಿಲ್ಲ. ಅವನ ಕೆಲಸಕ್ಕೂ ನಿಜವಾದ ಫಲ, ನಿಜವಾದ ನಷ್ಟ ಇರುವುದರಿಂದಲೇ ಅಕ್ಕನೂ ಅದಕ್ಕೆ ಬೆಲೆ ಕೊಡುತ್ತಾಳೆ. ಗೊಂಬೆ ನೋಡಲು ಬಂದವರಿಗೆ ಮೇಲಿನ ಕಥೆಯನ್ನು ಅವಳು ಹೇಳಿದರೆ, ಕೆಳಗಿನ ಕಾಡನ್ನು ಅವನು ತೋರಿಸುತ್ತಾನೆ.

ಇಲ್ಲಿ ಎಚ್ಚರ ತಪ್ಪಬಾರದ ಗಡಿಯೊಂದಿದೆ. ಒಟ್ಟಿಗೆ ಆಡುವುದು ಬೇರೆ, ತಮ್ಮನನ್ನು ನೋಡಿಕೊಳ್ಳುವುದು ಬೇರೆ. ಅಮ್ಮ ಅಡುಗೆ ಮುಗಿಸುವವರೆಗೆ ಆಡಿಸು ಎಂದು ಕೊಟ್ಟ ಸಮಯ ದುಡಿಮೆಯೇ. ಅದನ್ನು ಆಟವೆಂದು ಕರೆದರೆ ಆಟದ ಮೇಲೂ ಜಿಗುಪ್ಸೆ ಹುಟ್ಟುತ್ತದೆ. ‘ಇನ್ನೂ ಎಷ್ಟು ಹೊತ್ತು?’ ಎಂದು ದೊಡ್ಡ ಮಗು ಪದೇಪದೇ ಕೇಳುವುದು ಇದರ ಸೂಚನೆ. ಒಂದೇ ಆಟ ಎಂದು ಮೊದಲೇ ಹೇಳಿ, ಅಷ್ಟಕ್ಕೇ ನಿಲ್ಲಿಸುವುದು ಉತ್ತಮ. ಜೊತೆಗೆ, ಚಿಕ್ಕವನ ಕೈಗೆಟುಕದ ಒಂದು ಕಪಾಟು, ಗೆಳತಿಯರು ಬಂದಾಗ ಅವನನ್ನು ಬೇರೆಡೆ ಕರೆದೊಯ್ಯುವ ದೊಡ್ಡವರು, ಇವೆರಡೂ ಅವಳಿಗಿರಬೇಕು. ಬಲವಂತವಿಲ್ಲವೆಂದು ಗೊತ್ತಿದ್ದರೆ ಅವಳೇ ಎಷ್ಟೋ ಸಲ ಅವನನ್ನು ಕರೆಯುತ್ತಾಳೆ.

ಅಂತರ ಇನ್ನೂ ದೊಡ್ಡದಾಗಿ ಚಿಕ್ಕ ಮಗುವಿಗೆ ಮೂರು ವರ್ಷವೂ ತುಂಬಿಲ್ಲದಿದ್ದರೆ ಕವಡೆ, ಹುಣಸೆ ಬೀಜ, ಹೊಂಗೆ ಬೀಜ ಯಾವುದೂ ಅದರ ಕೈಗೆ ಸಿಗಬಾರದು. ಬಾಯಿಗೆ ಹಾಕಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಗುಲಗಂಜಿಯನ್ನಂತೂ ಯಾವ ವಯಸ್ಸಿನ ಮಕ್ಕಳ ಆಟಕ್ಕೂ ಬಳಸಬಾರದು, ಅದರ ಬೀಜ ಜಗಿದರೆ ಕಡು ವಿಷ. ಆ ವಯಸ್ಸಿಗೆ ಚೆಂಡು ಉರುಳಿಸುವುದು, ಬಟ್ಟೆಯಡಿ ಅಡಗಿಸಿದ ವಸ್ತು ಹುಡುಕಿಸುವುದು ಸಾಕು.

ತಮ್ಮ ಎಂಟು ದಾಟುವ ಹೊತ್ತಿಗೆ ಚೌಕಾಬಾರದ ರಿಯಾಯಿತಿಗಳು ಬಹುತೇಕ ಕಳಚಿಕೊಂಡಿರುತ್ತವೆ. ಆಗ ಅಳಿಗುಳಿ ಮಣೆಯಂಥ, ಅದೃಷ್ಟವೇ ಇಲ್ಲದ ಎಣಿಕೆಯ ಆಟಕ್ಕೆ ಹೋಗಬಹುದು. ಎರಡು ಸಾಲು ಏಳೇಳು ಗುಳಿಗಳಲ್ಲಿ ಬೀಜ ಹಂಚುತ್ತ ಹೋಗುವ ಆ ಆಟದಲ್ಲಿ ವಯಸ್ಸಿಗಿಂತ ರೂಢಿಯೇ ಮುಖ್ಯ. ಹದಿನೈದರ ಅಕ್ಕ ಪರೀಕ್ಷೆಯ ಗಡಿಬಿಡಿಯಲ್ಲಿ ಮಣೆ ಮುಟ್ಟದೆ ಇದ್ದು, ತಮ್ಮ ದಿನವೂ ಅಜ್ಜಿಯೊಂದಿಗೆ ಆಡಿಕೊಂಡಿದ್ದರೆ ರಿಯಾಯಿತಿ ಕೇಳುವ ಸರದಿ ಅಕ್ಕನದು.