ದಾಖಲೆಯ ಫೋಟೋದಲ್ಲಿ ಹಾಳೆಯ ನಾಲ್ಕೂ ಅಂಚು ಏಕೆ ಕಾಣಬೇಕು?

ತುಮಕೂರು ನಗರದಿಂದಲೂ ಗುಬ್ಬಿ, ಕುಣಿಗಲ್ ಕಡೆಯಿಂದಲೂ ಬರುವ ವಿದ್ಯಾರ್ಥಿವೇತನದ ಅರ್ಜಿಗಳ ಜೊತೆ ಈಗ ಝೆರಾಕ್ಸ್ ಪ್ರತಿಗಿಂತ ಮೊಬೈಲ್‌ನಲ್ಲಿ ತೆಗೆದ ಫೋಟೋಗಳೇ ಹೆಚ್ಚು. ದೂರದವರಿಗೆ ಇದರಿಂದ ಒಂದು ದಿನದ ಕೂಲಿಯೂ ಬಸ್ ಚಾರ್ಜೂ ಉಳಿಯುತ್ತದೆ. ಆದರೆ ಅರ್ಹತೆ ಇದ್ದೂ ಅರ್ಜಿ ‘ಬಾಕಿ’ ಕಡತದಲ್ಲಿ ಉಳಿಯಲು ಒಂದು ಸಣ್ಣ ಕಾರಣ ಪದೇ ಪದೇ ಕಾಣುತ್ತದೆ. ಫೋಟೋದಲ್ಲಿ ಹಾಳೆಯ ಅಂಚು ಕತ್ತರಿಸಿ ಹೋಗಿರುತ್ತದೆ, ಇಲ್ಲವೇ ಹಾಳೆ ಓರೆಯಾಗಿರುತ್ತದೆ.

ಗುಬ್ಬಿ ತಾಲ್ಲೂಕಿನ ಒಬ್ಬ ಪಿಯುಸಿ ವಿದ್ಯಾರ್ಥಿನಿಯ ಅರ್ಜಿಯನ್ನೇ ನೋಡೋಣ. ಅವಳ ತಾಯಿ ಕಾಲೇಜಿನ ಶುಲ್ಕದ ರಸೀದಿಯ ಫೋಟೋ ಕಳುಹಿಸಿದ್ದರು. ಅಕ್ಷರಗಳು ಸ್ಪಷ್ಟವಾಗಿದ್ದವು, ಮೊತ್ತವೂ ಓದುವಂತಿತ್ತು. ಆದರೆ ರಸೀದಿ ಸಂಖ್ಯೆ ಇಲ್ಲ, ದಿನಾಂಕ ಇಲ್ಲ, ಕೆಳಗಿನ ಸಹಿ ಅರ್ಧ ಮಾತ್ರ. ಹಣ ಕಟ್ಟಿದ್ದು ಈ ವರ್ಷವೋ ಹೋದ ವರ್ಷವೋ ಎಂದು ಸಮಿತಿಗೆ ಹೇಳಲಾಗಲಿಲ್ಲ. ದಾನಿಗಳು ಕೊಟ್ಟಿದ್ದು ಝಕಾತ್‌ನ ಹಣ, ನಮ್ಮ ಕೈಯಲ್ಲಿರುವ ಅಮಾನತ್. ದಿನಾಂಕವಿಲ್ಲದ ರಸೀದಿಗೆ ಅದನ್ನು ಕೊಡಲಾಗದು. ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು: ಅಂಚು ಕಾಣದ ಫೋಟೋದಲ್ಲಿ ಆ ಭಾಗ ತಪ್ಪಿ ಹೋಯಿತೋ ಯಾರಾದರೂ ಬೇಕೆಂದೇ ತೆಗೆದರೋ ಗೊತ್ತಾಗುವುದಿಲ್ಲ. ಆ ತಾಯಿಯ ಮೇಲೆ ಅನುಮಾನಪಡಲು ಯಾವ ಕಾರಣವೂ ಇರಲಿಲ್ಲ. ಆದರೂ ಪ್ರಶ್ನೆ ಕೇಳಬೇಕಾಯಿತು. ಕೇಳಿಸಿಕೊಳ್ಳುವವರಿಗೆ ಅದು ಎಷ್ಟು ಕಷ್ಟ ಎಂದು ನಮಗೂ ಗೊತ್ತು.

ಆಗಿದ್ದೇನೆಂದರೆ, ಅವರು ರಸೀದಿಯನ್ನು ಬಿಳಿ ಬೆಡ್‌ಶೀಟ್ ಮೇಲೆ ಇಟ್ಟು ಸ್ಕ್ಯಾನ್ ಮಾಡುವ ಆ್ಯಪ್‌ನಿಂದ ಫೋಟೋ ತೆಗೆದಿದ್ದರು. ಇಂಥ ಆ್ಯಪ್ ಹಾಳೆಯ ಬಣ್ಣಕ್ಕೂ ಅದರ ಕೆಳಗಿನ ಬಣ್ಣಕ್ಕೂ ಇರುವ ವ್ಯತ್ಯಾಸದಿಂದ ಅಂಚನ್ನು ಗುರುತಿಸುತ್ತದೆ. ಬಿಳಿಯ ಮೇಲೆ ಬಿಳಿ ಇಟ್ಟರೆ ಅದಕ್ಕೆ ನಿಜವಾದ ಅಂಚು ಸಿಗುವುದಿಲ್ಲ. ಆಗ ಹಾಳೆಯೊಳಗೆ ಅಚ್ಚಾದ ದಪ್ಪ ಗೆರೆಯನ್ನೇ ಅಂಚೆಂದು ತಿಳಿದು, ಅದರ ಹೊರಗಿನದನ್ನೆಲ್ಲ ಕತ್ತರಿಸುತ್ತದೆ. ಆ ರಸೀದಿಯಲ್ಲಿ ಸಂಖ್ಯೆ, ದಿನಾಂಕ, ಸಹಿ ಮೂರೂ ಇದ್ದದ್ದು ಚೌಕಟ್ಟಿನ ಹೊರಗೆ. ಉದ್ದ ನೋಟ್‌ಬುಕ್‌ನ ಹಾಳೆಯಲ್ಲಿ ಬರೆದ ಮನವಿ ಪತ್ರಕ್ಕೂ ಇದೇ ಗತಿ. ಎಡಗಡೆಯ ಕೆಂಪು ಮಾರ್ಜಿನ್ ಗೆರೆಯೇ ಅಂಚಾಗಿಬಿಡುತ್ತದೆ, ಮಾರ್ಜಿನ್‌ನಲ್ಲಿ ಬರೆದ ಕ್ರಮ ಸಂಖ್ಯೆಗಳು ಹೋಗುತ್ತವೆ. ಹಾಗಾಗಿ ಹಾಳೆಯನ್ನು ಕಂದು ಬೆಂಚಿನ ಮೇಲೋ ಕಡುಬಣ್ಣದ ಕಂಬಳಿಯ ಮೇಲೋ ಇಡಿ. ಹಾಳೆಯ ಸುತ್ತ ಒಂದು ಬೆರಳಿನಷ್ಟು ಆ ಕಪ್ಪು ಭಾಗ ಕಾಣುವಂತೆ ಫೋಟೋ ತೆಗೆಯಿರಿ. ಆ್ಯಪ್ ಬಳಸಿದರೆ ಅದು ತೋರಿಸುವ ನಾಲ್ಕು ಮೂಲೆಯ ಚುಕ್ಕಿಗಳನ್ನು ಬೆರಳಿನಿಂದ ಎಳೆದು ಹಾಳೆಯ ನಿಜವಾದ ಮೂಲೆಗೆ ತನ್ನಿ. ಅದು ತೊಡಕೆನಿಸಿದರೆ ಆ್ಯಪ್ ಬಿಡಿ, ಸಾದಾ ಕ್ಯಾಮೆರಾ ಸಾಕು. ನಮಗೆ ಅದೇ ಹೆಚ್ಚು ಇಷ್ಟ.

ಎರಡನೇ ಸಲ ಅವರು ಮರದ ಮಣೆಯ ಮೇಲೆ ಇಟ್ಟು ತೆಗೆದರು. ಈಗ ನಾಲ್ಕೂ ಅಂಚು ಬಂದವು, ಆದರೆ ರಸೀದಿ ಮೇಲಕ್ಕೆ ಹೋದಂತೆ ಕಿರಿದಾಗಿ, ಸಂಖ್ಯೆಯ ಕೊನೆಯ ಎರಡು ಅಂಕಿಗಳು ಮಸುಕಾಗಿದ್ದವು. ಇಲ್ಲಿ ಎರಡು ಬಗೆಯ ಓರೆಯನ್ನು ಬೇರೆ ಮಾಡಿ ನೋಡಬೇಕು, ಏಕೆಂದರೆ ಒಂದಕ್ಕೆ ಮತ್ತೆ ಫೋಟೋ ಬೇಡ, ಇನ್ನೊಂದಕ್ಕೆ ಬೇಕೇ ಬೇಕು. ಎಡ ಬಲದ ಅಂಚುಗಳೆರಡೂ ಒಂದೇ ಕಡೆಗೆ ವಾಲಿದ್ದರೆ ಹಾಳೆ ತಿರುಗಿದೆ, ಅಷ್ಟೆ. ಅದನ್ನು ಫೋನಿನಲ್ಲೇ ತಿರುಗಿಸಿ ನೇರ ಮಾಡಬಹುದು, ನಷ್ಟವಿಲ್ಲ. ಆದರೆ ಎರಡು ಅಂಚುಗಳೂ ಮೇಲೆ ಒಂದರ ಹತ್ತಿರ ಒಂದು ಬಂದಿದ್ದರೆ ಫೋನು ವಾಲಿತ್ತು ಎಂದರ್ಥ. ಹಾಳೆಯ ಬುಡದಲ್ಲಿ ಕೂತು ಮುಂದಕ್ಕೆ ನೋಡುತ್ತ ತೆಗೆದಾಗ ಹೀಗಾಗುತ್ತದೆ. ದೂರದ ತುದಿಯ ಅಕ್ಷರಗಳು ಚಿತ್ರದಲ್ಲಿ ಚಿಕ್ಕದಾಗಿ ದಾಖಲಾಗಿರುತ್ತವೆ. ಆಮೇಲೆ ಆ್ಯಪ್ ಅದನ್ನು ಎಳೆದು ಆಯತ ಮಾಡಿಕೊಟ್ಟರೂ, ಮೊದಲೇ ದಾಖಲಾಗದ ವಿವರ ಹೊಸದಾಗಿ ಬರುವುದಿಲ್ಲ, ಅಕ್ಷರ ಅಗಲವಾಗುತ್ತದೆ, ಮಸುಕು ಉಳಿಯುತ್ತದೆ.

ಇದಕ್ಕೆ ಪರಿಹಾರ ನಿಲ್ಲುವ ಜಾಗದಲ್ಲಿದೆ. ಹಾಳೆಯನ್ನು ನೆಲದ ಮೇಲೆ, ಹಗಲಿನಲ್ಲಿ, ಬಾಗಿಲು ಅಥವಾ ಕಿಟಕಿಯ ಪಕ್ಕ ಇಡಿ. ಬೆಳಕು ಪಕ್ಕದಿಂದ ಬರಲಿ. ಬೆನ್ನ ಹಿಂದಿನಿಂದ ಬಂದರೆ ನಿಮ್ಮ ನೆರಳೇ ಹಾಳೆಯ ಮೇಲೆ ಬೀಳುತ್ತದೆ. ಫೋನನ್ನು ಹಾಳೆಯ ನಟ್ಟನಡುವೆ, ನೆಲಕ್ಕೆ ಸಮವಾಗಿ ಮಲಗಿಸಿ ಹಿಡಿಯಿರಿ. ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ Grid ಅಥವಾ Grid lines ಎಂಬುದನ್ನು ಆನ್ ಮಾಡಿದರೆ ಪರದೆಯ ಮೇಲೆ ಗೆರೆಗಳು ಬರುತ್ತವೆ. ಹಾಳೆಯ ಮಾರ್ಜಿನ್ ಆ ಗೆರೆಗೆ ಸಮಾನಾಂತರವಾಗಿದೆಯೇ ಎಂದು ನೋಡಿಕೊಂಡರಾಯಿತು. ಎ4 ಹಾಳೆ ಸುಮಾರು 30 ಸೆಂ.ಮೀ. ಉದ್ದ. ಅದಕ್ಕೆ ಫೋನು ಒಂದೂವರೆ ಅಡಿ ಎತ್ತರದಲ್ಲಿದ್ದರೆ ಸರಿ. ಅಕ್ಷರ ದೊಡ್ಡದಾಗಿ ಕಾಣಲಿ ಎಂದು ತೀರಾ ಹತ್ತಿರ ತರುವವರು ಬಹಳ. ಹತ್ತಿರ ಹೋದಷ್ಟೂ ಸಣ್ಣ ವಾಲಿಕೆಯೂ ದೊಡ್ಡದಾಗಿ ಕಾಣುತ್ತದೆ, ಅಂಚೂ ಹೊರಗೆ ಹೋಗುತ್ತದೆ. ಫ್ಲ್ಯಾಶ್ ಬೇಡ. ಲ್ಯಾಮಿನೇಟ್ ಮಾಡಿಸಿದ ಅಂಕಪಟ್ಟಿಯ ಮೇಲೆ ಅದು ಬಿಳಿ ಮಚ್ಚೆ ಬೀಳಿಸುತ್ತದೆ. ಕಿಟಕಿಯ ಬೆಳಕೂ ಹಾಗೆ ಹೊಳೆದರೆ ಫೋನನ್ನು ವಾಲಿಸಬೇಡಿ, ಹಾಳೆಯ ಜಾಗ ಬದಲಿಸಿ.

ಮೂರನೇ ಫೋಟೋವನ್ನು ಆ ವಿದ್ಯಾರ್ಥಿನಿಯೇ ಹೀಗೆ ತೆಗೆದು ಕಳುಹಿಸಿದಳು. ಸಂಖ್ಯೆ, ದಿನಾಂಕ, ಸಹಿ ಎಲ್ಲ ಸಿಕ್ಕವು, ಅರ್ಜಿ ಮುಂದಕ್ಕೆ ಹೋಯಿತು.

ಬ್ಯಾಂಕ್ ಪಾಸ್‌ಬುಕ್‌ಗೆ ಸ್ವಲ್ಪ ಹೆಚ್ಚು ಜಾಗ್ರತೆ ಬೇಕು. ಹೊಲಿಗೆಯ ಕಡೆ ಪುಟ ಉಬ್ಬುವುದರಿಂದ ಒಳಗಿನ ಮಾರ್ಜಿನ್ ಬಾಗಿ, ಖಾತೆ ಸಂಖ್ಯೆಯ ಒಂದು ಅಂಕಿ ಮಡಿಕೆಯಲ್ಲಿ ಅಡಗಬಹುದು. ಪುಸ್ತಕವನ್ನು ಪೂರ್ತಿ ಬಿಚ್ಚಿ, ಬರಹವಿಲ್ಲದ ಜಾಗದಲ್ಲಿ ಯಾರಾದರೂ ಬೆರಳಿನಿಂದ ಒತ್ತಿ ಹಿಡಿಯಲಿ. ಕಳುಹಿಸುವ ಮೊದಲು ಐಎಫ್‌ಎಸ್‌ಸಿ ಕೋಡ್ ಎಣಿಸಿ: ಒಟ್ಟು 11 ಇರಬೇಕು, ಐದನೆಯದು ಸೊನ್ನೆ. ಖಾತೆ ಸಂಖ್ಯೆಯ ಉದ್ದ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆಯಾದ್ದರಿಂದ ಒಂದು ಅಂಕಿ ಕಡಿಮೆಯಾದರೆ ನಮಗೂ ತಿಳಿಯದೇ ಹೋಗಬಹುದು. ಅದನ್ನು ಅರ್ಜಿಯಲ್ಲಿ ಕೈಯಿಂದಲೂ ಬರೆಯಿರಿ. ಆದಾಯ ಪ್ರಮಾಣಪತ್ರದಲ್ಲಿ RD ಎಂದು ಶುರುವಾಗುವ ಸಂಖ್ಯೆ ಪೂರ್ತಿ ಕಾಣಬೇಕು, ಅದನ್ನಿಟ್ಟುಕೊಂಡೇ ನಾವು ತಾಳೆ ನೋಡುತ್ತೇವೆ.

ಫೋಟೋಗೆ ಕಪ್ಪು ಬಿಳುಪು ಫಿಲ್ಟರ್ ಹಾಕಬೇಡಿ. ನೋಡಲು ಝೆರಾಕ್ಸ್‌ನಂತೆ ಅಚ್ಚುಕಟ್ಟಾಗಿರುತ್ತದೆ, ಆದರೆ ತೆಳು ಮಾರ್ಜಿನ್ ಗೆರೆಯ ಜೊತೆ ಮಸುಕಾದ ನೀಲಿ ಮೊಹರೂ ಅಳಿಸಿಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳುಹಿಸದೆ Document ಎಂದು ಆರಿಸಿ ಕಳುಹಿಸಿದರೆ ಅದು ಕುಗ್ಗದೆ ಬರುತ್ತದೆ. ಆಧಾರ್ ಕಾರ್ಡಿನ ವಿಷಯಕ್ಕೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ನಮಗೆ ಸಾಕು.

ಕೆಲವರ ಮೂಲ ದಾಖಲೆಯ ಅಂಚೇ ಹರಿದಿರುತ್ತದೆ, ಮಳೆನೀರಿಗೆ ನೆನೆದಿರುತ್ತದೆ. ಆಗ ಹರಿದ ಭಾಗವನ್ನು ಕತ್ತರಿಸಿ ಚೊಕ್ಕ ಮಾಡಬೇಡಿ. ಹರಿದ ಅಂಚು ಕಾಣುವಂತೆಯೇ ಫೋಟೋ ತೆಗೆದು, ‘ಮೂಲ ಪ್ರತಿಯೇ ಹರಿದಿದೆ’ ಎಂದು ಅರ್ಜಿಯಲ್ಲಿ ಒಂದು ಸಾಲು ಬರೆಯಿರಿ. ಮುಂದೇನು ಮಾಡಬೇಕೆಂದು ಸಮಿತಿಯವರೇ ಫೋನ್ ಮಾಡಿ ತಿಳಿಸುತ್ತಾರೆ, ಇನ್‌ಶಾ ಅಲ್ಲಾಹ್.