ಹೂಡಿಕೆಯ ಪಾಲು ಸರಿಪಡಿಸುವಾಗ ತೆರಿಗೆಯನ್ನೂ ನೋಡಿ

ಒಬ್ಬರ ಬಳಿ ₹10 ಲಕ್ಷವಿದೆ. 6 ಲಕ್ಷವನ್ನು ಈಕ್ವಿಟಿ ಮ್ಯೂಚುವಲ್ ಫಂಡಿನಲ್ಲೂ 4 ಲಕ್ಷವನ್ನು ಡೆಟ್ ಫಂಡಿನಲ್ಲೂ ಇಟ್ಟಿದ್ದಾರೆ ಎನ್ನೋಣ. ಷೇರುಪೇಟೆ ಅರ್ಧಕ್ಕೆ ಕುಸಿದರೂ ಒಟ್ಟು ಹಣದಲ್ಲಿ ಕರಗುವುದು ಶೇ 30 ಮಾತ್ರ, ಅಷ್ಟನ್ನು ತಡೆದುಕೊಳ್ಳಬಲ್ಲೆ ಎಂದು ಯೋಚಿಸಿಯೇ ಅವರು ಈ 60:40 ಆರಿಸಿಕೊಂಡಿದ್ದು. ವರ್ಷ ಕಳೆಯುವಷ್ಟರಲ್ಲಿ ಪೇಟೆ ಏರಿ ಈಕ್ವಿಟಿ 7.5 ಲಕ್ಷವಾಗಿದೆ, ಡೆಟ್ 4.28 ಲಕ್ಷ. ಈಕ್ವಿಟಿಯ ಪಾಲು ಈಗ ಹತ್ತಿರ ಹತ್ತಿರ ಶೇ 64. ಅವರು ಏನೂ ಮಾಡದೆಯೇ ಅಪಾಯ ಹೆಚ್ಚಿದೆ.

ಇದನ್ನು ಮತ್ತೆ 60:40ಕ್ಕೆ ತರುವುದೇ ರೀಬ್ಯಾಲೆನ್ಸಿಂಗ್. ₹43,200 ಮೌಲ್ಯದ ಈಕ್ವಿಟಿ ಯೂನಿಟ್ ಮಾರಿ ಡೆಟ್ ಫಂಡಿಗೆ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಇದರಿಂದ ಲಾಭ ಹೆಚ್ಚುತ್ತದೆಂದು ನಂಬಬೇಡಿ. ಪೇಟೆ ಏರುತ್ತಲೇ ಹೋದರೆ ಗಳಿಕೆ ಕಡಿಮೆಯೇ ಆಗುತ್ತದೆ. ಇದು ಅಪಾಯವನ್ನು ಹತೋಟಿಯಲ್ಲಿಡುವ ಕೆಲಸ.

ಆದರೆ ಮಾರಿದರೆ ತೆರಿಗೆಯ ಪ್ರಶ್ನೆ ಬರುತ್ತದೆ. ಒಂದೇ ಕಂಪನಿಯ ಒಂದು ಫಂಡಿನಿಂದ ಇನ್ನೊಂದಕ್ಕೆ ‘ಸ್ವಿಚ್’ ಮಾಡಿದರೂ ಕಾನೂನಿನ ಕಣ್ಣಲ್ಲಿ ಅದು ಮಾರಾಟವೇ. 2024ರ ಜುಲೈ 23ರಿಂದ ಜಾರಿಯಲ್ಲಿರುವ ನಿಯಮದಂತೆ, ವರ್ಷ ತುಂಬದ ಈಕ್ವಿಟಿ ಯೂನಿಟ್ ಮಾರಿದರೆ ಲಾಭದ ಮೇಲೆ ಶೇ 20 ತೆರಿಗೆ. ಜತೆಗೆ ಅನೇಕ ಫಂಡುಗಳು ಶೇ 1ರಷ್ಟು ಎಕ್ಸಿಟ್ ಲೋಡ್ ಹಿಡಿದುಕೊಳ್ಳುತ್ತವೆ. ವರ್ಷ ದಾಟಿದ್ದರೆ, ಆ ಆರ್ಥಿಕ ವರ್ಷದ ಲಾಭದಲ್ಲಿ ಮೊದಲ ₹1.25 ಲಕ್ಷಕ್ಕೆ ತೆರಿಗೆಯಿಲ್ಲ, ಅದಕ್ಕೂ ಮೇಲಿನದಕ್ಕೆ ಶೇ 12.5.

ನಮ್ಮ ಹೂಡಿಕೆದಾರರು ಮಾರುವ 43,200ರಲ್ಲಿ ಲಾಭ 8,640 ಮಾತ್ರ. ಯೂನಿಟ್‌ಗಳಿಗೆ ವರ್ಷ ದಾಟಿದ್ದರೆ ತೆರಿಗೆ ಸೊನ್ನೆ. ಆದರೂ ನನ್ನ ಮಟ್ಟಿಗೆ ಈ ಮಾರಾಟ ಬೇಕಿಲ್ಲ. ಪಾಲು ಐದು ಅಂಶದಷ್ಟಾದರೂ ಸರಿಯುವ ತನಕ ಸುಮ್ಮನಿರುವುದು ಲೇಸು. ಅವರು ತಿಂಗಳಿಗೆ ₹6,000 ಎಸ್‌ಐಪಿ ಕಟ್ಟುವವರಾದರೆ, ಮುಂದಿನ ಒಂದು ವರ್ಷ ಅದನ್ನು ಪೂರ್ತಿ ಡೆಟ್ ಫಂಡಿಗೆ ತಿರುಗಿಸಲಿ. ಬೆಲೆಗಳು ಹೀಗೇ ಇದ್ದರೆ ಡೆಟ್ 5 ಲಕ್ಷ ಮುಟ್ಟುತ್ತದೆ, 7.5 ಲಕ್ಷದ ಈಕ್ವಿಟಿ ತಾನಾಗಿಯೇ ಶೇ 60ಕ್ಕೆ ಇಳಿಯುತ್ತದೆ. ಒಂದೂ ಯೂನಿಟ್ ಮಾರಬೇಕಿಲ್ಲ.

ತೆರಿಗೆ ನಿಜಕ್ಕೂ ತಟ್ಟುವುದು ಬಹುಕಾಲ ಕೂಡಿಟ್ಟ ದೊಡ್ಡ ಹೂಡಿಕೆಗೆ. ₹5 ಲಕ್ಷ ಮಾರಬೇಕು, ಅದರಲ್ಲಿ ಅರ್ಧ ಲಾಭವೇ ಎಂದುಕೊಳ್ಳಿ. ಒಂದೇ ಸಲ ಮಾರಿದರೆ ಸೆಸ್ ಸೇರಿ ₹16,250 ತೆರಿಗೆ. ಅರ್ಧವನ್ನು ಮಾರ್ಚ್ ಕೊನೆಯಲ್ಲಿ, ಉಳಿದರ್ಧವನ್ನು ಏಪ್ರಿಲ್ ಮೊದಲಲ್ಲಿ ಮಾರಿದರೆ ಲಾಭ ಎರಡು ಆರ್ಥಿಕ ವರ್ಷಗಳಿಗೆ ಹಂಚಿಹೋಗುತ್ತದೆ. ಆ ವರ್ಷಗಳಲ್ಲಿ ಇಂಥ ಬೇರೆ ಲಾಭ ಇಲ್ಲದಿದ್ದರೆ ತೆರಿಗೆಯೇ ಬರುವುದಿಲ್ಲ. ಇನ್ನು ಎನ್‌ಪಿಎಸ್ ಖಾತೆ ಇರುವವರು ಈಕ್ವಿಟಿಯ ಪಾಲನ್ನು ಅದರೊಳಗೇ ಇಳಿಸಿಕೊಳ್ಳಬಹುದು, ಆ ಬದಲಾವಣೆಗೆ ತೆರಿಗೆಯಿಲ್ಲ.